ಅಕ್ಕಿ, ಹಕ್ಕಿ ಮತ್ತು ಮೂರು ನೋಟ್‌ಬುಕ್ಕುಗಳು: ನಮ್ಮ ಶಾಲೆಯ ಒಂದು ಕ್ರಿಯಾ ಸಂಶೋಧನೆಯ ಇತಿಹಾಸ

ಬಿ.ಎಡ್. ಓದಿದ ಪ್ರತಿಯೊಬ್ಬ ಶಿಕ್ಷಕರೂ ಜೀವಮಾನದಲ್ಲಿ ಒಂದು ಸಲ ‘ಕ್ರಿಯಾ ಸಂಶೋಧನೆ’ ಮಾಡಿರುತ್ತಾರೆ. ಅದರ ವರದಿಗೆ ಬಣ್ಣದ ರಟ್ಟು ಹಾಕಿ ಬೈಂಡ್ ಮಾಡಿಸಿರುತ್ತಾರೆ. ಒಳಗೆ ಸಮಸ್ಯೆ, ಉದ್ದೇಶ, ಪೂರ್ವ ಪರೀಕ್ಷೆ, ಚಟುವಟಿಕೆ, ಅಂತಿಮ ಪರೀಕ್ಷೆ ಇರುತ್ತವೆ. ಕೊನೆಯ ಪುಟದಲ್ಲಿ ಎರಡು ಕಂಬಗಳ ಒಂದು ನಕ್ಷೆ. ಎಡಗಡೆಯ ಕಂಬ ಗಿಡ್ಡ, ಬಲಗಡೆಯ ಕಂಬ ಉದ್ದ. ಬಲಗಡೆಯ ಕಂಬ ಗಿಡ್ಡವಾಗಿದ್ದ ವರದಿಯನ್ನು ನನ್ನ ಮೂವತ್ತು ವರ್ಷಗಳ ಸೇವೆಯಲ್ಲಿ ನಾನು ಕಂಡಿಲ್ಲ. ಅಷ್ಟೊಂದು ಯಶಸ್ಸು ಎಲ್ಲಾ ಶಾಲೆಗಳಲ್ಲೂ ಆಗಿದ್ದರೆ ನಮ್ಮ ನಾಡಿನಲ್ಲಿ ಇಷ್ಟು ಹೊತ್ತಿಗೆ ತಪ್ಪಾಗಿ ಬರೆಯುವ ಮಗುವೇ ಇರುತ್ತಿರಲಿಲ್ಲ.

ನಮ್ಮ ಶಾಲೆಯ ಐವತ್ತು ವರ್ಷಗಳ ನೆನಪಿಗಾಗಿ ಬರುತ್ತಿರುವ ಈ ಸಂಚಿಕೆಯಲ್ಲಿ ಕಟ್ಟಡ, ದಾನಿಗಳು, ಫಲಿತಾಂಶ, ಕ್ರೀಡೆ ಇವುಗಳ ಬಗ್ಗೆ ಬೇರೆಯವರು ಬರೆಯುತ್ತಿದ್ದಾರೆ. ಒಂದು ತರಗತಿಯಲ್ಲಿ ಒಂದು ವರ್ಷ ಏನಾಯಿತು ಎಂಬುದನ್ನು ನಾನು ಬರೆಯುತ್ತೇನೆ. ಶಿಕ್ಷಕರ ಕೊಠಡಿಯ ಕಬ್ಬಿಣದ ಬೀರುವಿನಲ್ಲಿ ನಮ್ಮ ಕನ್ನಡ ಮೇಡಂ ಬಿಟ್ಟುಹೋದ ಮೂರು ನೋಟ್‌ಬುಕ್ಕುಗಳಿವೆ. ಅವು ಕ್ರಿಯಾ ಸಂಶೋಧನೆಯ ದಾಖಲೆ. ಅದರಲ್ಲಿ ಮೊದಲ ಸುತ್ತಿನ ಕೊನೆಗೆ ಬಲಗಡೆಯ ಕಂಬ ಚೆನ್ನಾಗಿಯೇ ಎದ್ದಿತ್ತು. ಮೇಡಂ ಅಲ್ಲಿಗೆ ನಿಲ್ಲಿಸಲಿಲ್ಲ ಎಂಬುದೇ ಈ ಬರಹಕ್ಕೆ ಕಾರಣ. ಆ ವರ್ಷ ಅವರ ಕೋರಿಕೆಯ ಮೇಲೆ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ಗೆರೆ ಎಳೆಯುತ್ತಿದ್ದವನು, ಗಣಿತದ ಮೇಷ್ಟ್ರಾದ ನಾನು. ಆದ್ದರಿಂದ ಕೆಲವು ಪುಟಗಳಲ್ಲಿ ನನ್ನ ಕೈಬರಹವೂ ಇದೆ.

ಮೊದಲು ಈ ಪದ್ಧತಿ ಎಲ್ಲಿಂದ ಬಂತು ಎಂದು ಸ್ವಲ್ಪ ಹೇಳಬೇಕು. ಕುರ್ಟ್ ಲೆವಿನ್ ಎಂಬ ಮನೋವಿಜ್ಞಾನಿ ಹಿಟ್ಲರನ ಕಾಲದಲ್ಲಿ ಜರ್ಮನಿ ಬಿಟ್ಟು ಅಮೆರಿಕಕ್ಕೆ ಹೋದವರು. 1946ರಲ್ಲಿ ಅವರು ಬರೆದ ಲೇಖನವೊಂದು ಈ ಹೆಸರನ್ನು ಬಳಕೆಗೆ ತಂದಿತು. ಅವರ ವಿಷಯ ಶಾಲೆಯಲ್ಲ, ಜನಾಂಗಗಳ ನಡುವಿನ ವೈಮನಸ್ಯ. ಒಂದು ಹೆಜ್ಜೆ ಇಡಬೇಕು, ಅದರಿಂದ ನಿಜವಾಗಿ ಏನಾಯಿತೆಂದು ನೋಡಬೇಕು, ನೋಡಿದ್ದನ್ನು ಇಟ್ಟುಕೊಂಡು ಮುಂದಿನ ಹೆಜ್ಜೆಯನ್ನು ಬದಲಿಸಬೇಕು, ಹೀಗೆ ಸುತ್ತು ಸುತ್ತಾಗಿ ಏರಬೇಕು ಎಂಬುದು ಅವರ ಮಾತಿನ ಸಾರ. ಅದನ್ನು ಶಾಲೆಗೆ ತಂದವರು ಕೊಲಂಬಿಯಾ ವಿಶ್ವವಿದ್ಯಾಲಯದ ಶಿಕ್ಷಕರ ಕಾಲೇಜಿನ ಸ್ಟೀಫನ್ ಕೋರಿ. ಅವರ ಪುಸ್ತಕ 1953ರದು. ನಮ್ಮ ದೇಶದಲ್ಲಿ 1955ರಿಂದ ಶಿಕ್ಷಕರ ತರಬೇತಿ ಕಾಲೇಜುಗಳಲ್ಲಿ ವಿಸ್ತರಣಾ ವಿಭಾಗಗಳು ಶುರುವಾದಾಗ ಈ ವಿಚಾರವೂ ಬಂತು. ಇವತ್ತು ಎಲ್ಲರೂ ಹೇಳುವ ‘ಯೋಜನೆ, ಕ್ರಿಯೆ, ವೀಕ್ಷಣೆ, ಚಿಂತನೆ’ ಎಂಬ ನಾಲ್ಕು ಮಾತಿನ ಚಕ್ರವನ್ನು 1980ರ ದಶಕದಲ್ಲಿ ಜನಪ್ರಿಯಗೊಳಿಸಿದವರು ಆಸ್ಟ್ರೇಲಿಯಾದ ಡೀಕಿನ್ ವಿಶ್ವವಿದ್ಯಾಲಯದ ಸ್ಟೀಫನ್ ಕೆಮ್ಮಿಸ್ ಮತ್ತು ರಾಬಿನ್ ಮ್ಯಾಕ್‌ಟ್ಯಾಗರ್ಟ್. ಪರದೇಶದ ಕಥೆ ಇಷ್ಟು ಸಾಕು.

ಅದೇ ಹೊತ್ತಿಗೆ ಬೆಂಗಳೂರಿನಲ್ಲೇ ಒಂದು ದೊಡ್ಡ ಪ್ರಯೋಗ ನಡೆದಿತ್ತು. ಅದರ ವಿಷಯ ನಮ್ಮ ಶಿಕ್ಷಕರಲ್ಲೇ ಬಹಳ ಮಂದಿಗೆ ತಿಳಿಯದು. ಇಂಗ್ಲಿಷ್ ಕಲಿಸುವವರ ಲೋಕದಲ್ಲಿ ಮಾತ್ರ ಅದು ‘ಬೆಂಗಳೂರು ಪ್ರಾಜೆಕ್ಟ್’ ಎಂದು ಪ್ರಸಿದ್ಧ. 1979ರಿಂದ 1984ರವರೆಗೆ ಐದು ವರ್ಷ, ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಮತ್ತು ಮದ್ರಾಸಿನ ಬ್ರಿಟಿಷ್ ಕೌನ್ಸಿಲ್ ಆಶ್ರಯದಲ್ಲಿ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆದ ಕೆಲಸ ಅದು. ವ್ಯಾಕರಣದ ಪಾಠವನ್ನೇ ಮಾಡದೆ, ಮಕ್ಕಳಿಗೆ ರೈಲಿನ ವೇಳಾಪಟ್ಟಿ, ನಕ್ಷೆ, ಕ್ಯಾಲೆಂಡರ್ ಕೊಟ್ಟು ಲೆಕ್ಕಾಚಾರದ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಬಿಡಿಸಲು ಹಚ್ಚಿದರು. ಮನಸ್ಸು ಅರ್ಥದ ಮೇಲಿದ್ದರೆ ವ್ಯಾಕರಣ ತಾನಾಗಿ ಕೂಡುತ್ತದೆ ಎಂಬುದು ಅವರ ಊಹೆ. ಸೀಮೆಸುಣ್ಣ, ಕರಿಹಲಗೆ, ಕಾಗದ, ಪೆನ್ಸಿಲು, ಇಷ್ಟರಲ್ಲೇ ಪಾಠ.

ಅವರು ಇದನ್ನು ಕ್ರಿಯಾ ಸಂಶೋಧನೆ ಎಂದು ಕರೆಯಲಿಲ್ಲ. ಆದರೆ ಮಾಡಿದ್ದು ಅದನ್ನೇ. ಪಾಠಗಳನ್ನು ಬೇರೆಯವರು ಕುಳಿತು ನೋಡುತ್ತಿದ್ದರು, ಆಮೇಲೆ ಚರ್ಚೆ, ಆ ಚರ್ಚೆಯಿಂದ ಮುಂದಿನ ಪಾಠ. ಐದು ವರ್ಷದ ಪಾಠಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಂಡಿರಲಿಲ್ಲ. ಒಂದು ಚಟುವಟಿಕೆ ಗೆದ್ದಿತೋ ಸೋತಿತೋ ಎಂದು ತಿಳಿಯಲು ಅವರು ಇಟ್ಟುಕೊಂಡ ಅಳತೆ ನನಗೆ ಬಹಳ ಹಿಡಿಸಿತು: ತರಗತಿಯ ಅರ್ಧದಷ್ಟು ಮಕ್ಕಳು ಅರ್ಧದಷ್ಟು ಪ್ರಶ್ನೆಗಳನ್ನಾದರೂ ಸರಿಯಾಗಿ ಬಿಡಿಸಿರಬೇಕು. ಎಲ್ಲರಿಗೂ ಎಲ್ಲವೂ ಬಂದರೆ ಆ ಚಟುವಟಿಕೆ ಸುಲಭವಾಯಿತು, ಯಾರಿಗೂ ಬಾರದಿದ್ದರೆ ಕಷ್ಟವಾಯಿತು. ಎರಡರಲ್ಲೂ ಕಲಿಕೆ ಕಡಿಮೆ. ಕಡೆಯಲ್ಲಿ ಹೊರಗಿನವರಾದ ಬೆರೆಟಾ ಮತ್ತು ಡೇವಿಸ್ ಬಂದು ಪರೀಕ್ಷೆ ಮಾಡಿ 1985ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರಯೋಗದ ಮಕ್ಕಳು ಕೆಲವು ಪರೀಕ್ಷೆಗಳಲ್ಲಿ ಮುಂದಿದ್ದರು; ಹಳೆಯ ಪದ್ಧತಿಯಲ್ಲಿ ವಾಕ್ಯರಚನೆ ಕಲಿತ ಮಕ್ಕಳು ವಾಕ್ಯರಚನೆಯ ಪರೀಕ್ಷೆಯಲ್ಲಿ ಮುಂದಿದ್ದರು. ಅಂದರೆ ಯಾವ ಪರೀಕ್ಷೆ ಕೊಡುತ್ತೀರಿ ಎನ್ನುವುದರ ಮೇಲೆ ಯಾವ ಕಂಬ ಉದ್ದ ಎನ್ನುವುದು ನಿಂತಿದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ನಮ್ಮ ಶಾಲೆಯ ಎಂಟನೇ ತರಗತಿ ‘ಬಿ’ ವಿಭಾಗದಲ್ಲೂ ಆಗಿದ್ದು ಅದೇ.

ಆ ತರಗತಿಯನ್ನು ತಿಳಿಯಲು ನಮ್ಮ ಭಾಗದ ಮಾತುಗಳನ್ನು ತಿಳಿಯಬೇಕು. 1809ರಲ್ಲಿ ಬ್ರಿಟಿಷರು ದಂಡನ್ನು ಶ್ರೀರಂಗಪಟ್ಟಣದಿಂದ ಇಲ್ಲಿಗೆ ತಂದ ಮೇಲೆ ಹಲಸೂರಿನಿಂದ ಶಿವಾಜಿನಗರದವರೆಗೆ ಮದ್ರಾಸು ಸೀಮೆಯ ತಮಿಳರು, ತೆಲುಗರು, ಉರ್ದು ಮಾತನಾಡುವವರು ನೆಲೆಸಿದರು. ಕಂಟೋನ್ಮೆಂಟು ಬೇರೆ ಆಡಳಿತ, ಪೇಟೆ ಬೇರೆ ಆಡಳಿತ. ಎರಡೂ ಸೇರಿ ಒಂದು ನಗರಸಭೆಯಾಗಿದ್ದು 1949ರಲ್ಲಿ. ಅಷ್ಟರಲ್ಲಿ ಪೂರ್ವಕ್ಕೆ 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ ಬಂದು ಕೃಷ್ಣರಾಜಪುರದ ಸುತ್ತಲಿನ ಹಳ್ಳಿಗಳಿಗೂ ನಾನಾ ಊರಿನ ಜನ ಬಂದರು. ಪ್ರಾಥಮಿಕ ಶಾಲೆಗಳು ಕನ್ನಡ, ತಮಿಳು, ಉರ್ದು, ತೆಲುಗು ಮಾಧ್ಯಮಗಳಲ್ಲಿದ್ದವು. ಏಳನೇ ತರಗತಿ ಮುಗಿಸಿದ ಮಕ್ಕಳು ಎಲ್ಲೆಲ್ಲಿಂದಲೋ ಬಂದು ನಮ್ಮ ಪ್ರೌಢಶಾಲೆಯ ಎಂಟನೇ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಗೋಕಾಕ್ ಚಳವಳಿಯ ನಂತರದ ವರ್ಷಗಳಲ್ಲಿ ಎಲ್ಲರೂ ಕನ್ನಡ ಬರೆಯಲೇಬೇಕಾಗಿತ್ತು. ಬರೆಯುತ್ತಿದ್ದರು ಕೂಡ, ತಮಗೆ ಬಂದ ಹಾಗೆ.

ಶಿಕ್ಷಕರ ಕೊಠಡಿಯಲ್ಲಿ ಇದಕ್ಕೆ ಒಂದೇ ವಿವರಣೆ ಇತ್ತು: ‘ಮನೆಮಾತು ಕನ್ನಡವಲ್ಲ, ಅದಕ್ಕೇ ತಪ್ಪು.’ ಮನೆಮಾತು ಕನ್ನಡವಾದ ಮಕ್ಕಳೂ ತಪ್ಪು ಬರೆದರೆ ‘ಗಮನವಿಲ್ಲ’ ಎನ್ನುವ ಇನ್ನೊಂದು ವಿವರಣೆ. ಹತ್ತನೇ ತರಗತಿಗೆ ಬರುವ ಹೊತ್ತಿಗೆ ಇಂಥ ಮಕ್ಕಳಲ್ಲಿ ಕೆಲವರು ಶಾಲೆ ಬಿಟ್ಟಿರುತ್ತಿದ್ದರು. ಗ್ಯಾರೇಜು, ಗಾರ್ಮೆಂಟ್ಸು ಎರಡೂ ಹತ್ತಿರದಲ್ಲೇ ಇದ್ದವು. ಕೆಂಪು ಶಾಯಿಯ ಪುಟಗಳನ್ನು ನೋಡಿ ನೋಡಿ ‘ನಂಗೆ ಕನ್ನಡ ಬರಲ್ಲ’ ಎಂದು ತಾವೇ ತೀರ್ಮಾನಿಸಿಕೊಂಡವರು ಅವರಲ್ಲಿ ಇದ್ದರು.

ಮೇಡಂ ಆ ಜೂನಿನಲ್ಲಿ ಮಾಡಿದ ಮೊದಲ ಕೆಲಸ, ತಪ್ಪುಗಳನ್ನು ಒಟ್ಟಾಗಿ ಎಣಿಸದೆ ಬೇರೆ ಬೇರೆಯಾಗಿ ಎಣಿಸಿದ್ದು. ತರಗತಿಯಲ್ಲಿ 48 ಮಕ್ಕಳು. ಮನೆಮಾತು ಕನ್ನಡ 19, ತಮಿಳು 13, ತೆಲುಗು 9, ಉರ್ದು 7. ಮೂವತ್ತು ಪದಗಳ ಉಕ್ತಲೇಖನ ಕೊಟ್ಟರು. ಹತ್ತು ಪದಗಳು ಹಕಾರದಿಂದ ಶುರುವಾಗುವಂಥವು: ಹಾಲು, ಹಣ, ಹೂವು, ಹೊಲ ಇತ್ಯಾದಿ. ಹತ್ತು ಪದಗಳು ಗ, ದ, ಬ ಇರುವಂಥವು: ಗಾಳಿ, ದನ, ಬಾಗಿಲು, ಅಂಗಡಿ. ಇನ್ನು ಹತ್ತು ಪದಗಳಲ್ಲಿ ಳ ಅಥವಾ ಣ: ಹಳ್ಳಿ, ಬಾಳೆ, ಕಣ್ಣು, ಮಣ್ಣು. ಮಹಾಪ್ರಾಣವನ್ನು ಬೇಕೆಂದೇ ಬಿಟ್ಟಿದ್ದರು. ‘ಎಲ್ಲಾ ಒಟ್ಟಿಗೆ ಹಿಡಿದರೆ ಯಾವುದೂ ಕೈಗೆ ಬರಲ್ಲ ಸಾರ್’ ಎಂದು ನನಗೆ ಹೇಳಿದ್ದರು.

ಉತ್ತರ ಪತ್ರಿಕೆಗಳನ್ನು ಮನೆಮಾತಿನ ಪ್ರಕಾರ ನಾಲ್ಕು ಕಟ್ಟು ಮಾಡಿ ಎಣಿಸಿದಾಗ ತಪ್ಪುಗಳಿಗೆ ಒಂದೊಂದು ಮನೆತನ ಇರುವುದು ಕಂಡಿತು. ಉರ್ದು ಮನೆಯ ಮಕ್ಕಳಿಗೆ ಳ, ಣ ಎರಡೂ ಕೈಕೊಡುತ್ತಿದ್ದವು. ಅವರ ಮಾತಿನಲ್ಲಿ ಆ ಧ್ವನಿಗಳಿಲ್ಲ. ‘ರಜೆಯಲ್ಲಿ ಹಲ್ಲಿಗೆ ಹೋಗಿದ್ದೆ’ ಎಂದು ಒಬ್ಬ ಹುಡುಗ ಬರೆದ ವಾಕ್ಯ ಆ ವರ್ಷವೆಲ್ಲಾ ತರಗತಿಯಲ್ಲಿ ಓಡಾಡಿತು. ಆದರೆ ಅದೇ ಮಕ್ಕಳು ನೋಟ್ಸಿನಲ್ಲಿ ಭ, ಧ, ಘ ಅಕ್ಷರಗಳನ್ನು ಕನ್ನಡ ಮನೆಯವರಿಗಿಂತ ಚೆನ್ನಾಗಿ ಬರೆಯುತ್ತಿದ್ದರು, ಏಕೆಂದರೆ ಉರ್ದುವಿನಲ್ಲಿ ಭಾಯಿ, ಘರ್, ಧೋಬಿ ನಿತ್ಯದ ಮಾತು. ಕನ್ನಡ ಮನೆಯ ಮಕ್ಕಳ ತಪ್ಪು ಬಹುಪಾಲು ಹಕಾರದಲ್ಲಿತ್ತು. ನಮ್ಮ ಹೊಸಕೋಟೆ, ಕೋಲಾರದ ಕಡೆಯ ಆಡುಮಾತಿನಲ್ಲಿ ಹಾಲು ‘ಆಲು’, ಹೋಗು ‘ಓಗು’. ಮಗು ಕೇಳಿದ್ದನ್ನೇ ಬರೆಯುತ್ತಿತ್ತು. ಪಕ್ಕದ ಮನೆಯ ಕನ್ನಡ ಕೇಳಿ ಬೆಳೆದ ತಮಿಳು, ತೆಲುಗು ಮಕ್ಕಳಲ್ಲೂ ಇದಿತ್ತು. ಇಡೀ ತರಗತಿಗೆ 480 ಹಕಾರಗಳಿಗೆ ಅವಕಾಶವಿದ್ದಲ್ಲಿ 131 ಬಿದ್ದುಹೋಗಿದ್ದವು.

ಮೊದಲ ಸುತ್ತಿನ ಯೋಜನೆ ಸರಳವಾಗಿತ್ತು. ಆರು ವಾರ, ದಿನವೂ ಪಾಠಕ್ಕೆ ಮುಂಚೆ ಎಂಟು ನಿಮಿಷ. ಹಕಾರದ ಪದಗಳ ಪಟ್ಟಿಯನ್ನು ಹಲಗೆಯ ಮೇಲೆ ಬರೆದು, ಎದೆಯ ಮುಂದೆ ಅಂಗೈ ಹಿಡಿದು ಉಸಿರು ತಾಗುವಂತೆ ಓದಿಸುವುದು, ಆಮೇಲೆ ಬರೆಸುವುದು. ಗ-ದ-ಬ ಮತ್ತು ಳ-ಣ ಪದಗಳಿಗೂ ಹೀಗೆಯೇ ಕೇಳಿ ಬರೆಯುವ ಅಭ್ಯಾಸ. ಒಂದು ನಿಯಮವನ್ನು ಅವರು ಬಿಗಿಯಾಗಿ ಹಿಡಿದರು: ಮಗು ಮಾತನಾಡುವಾಗ ಯಾರೂ ತಿದ್ದಬಾರದು. ‘ಆಲು’ ಎಂದ ಮಗುವನ್ನು ಮಧ್ಯದಲ್ಲಿ ತಡೆದರೆ ಅದು ಬಾಯಿಯನ್ನೇ ಮುಚ್ಚುತ್ತದೆ, ಆಮೇಲೆ ನೋಡುವುದಕ್ಕೆ ಏನೂ ಉಳಿಯುವುದಿಲ್ಲ ಎಂಬುದು ಅವರ ಅನುಭವ.

ವಾರಕ್ಕೆ ಎರಡು ದಿನ ನಾನು ಹಿಂದೆ ಕೂರುತ್ತಿದ್ದೆ. ತರಗತಿಯ ಬೆಂಚುಗಳ ನಕ್ಷೆಯೊಂದನ್ನು ಕೊಟ್ಟಿದ್ದರು. ಯಾವ ಮಗು ಉತ್ತರ ಹೇಳಿತೋ ಅದರ ಜಾಗದಲ್ಲಿ ಒಂದು ಗೆರೆ. ಅಭಿಪ್ರಾಯ ಬರೆಯುವಂತಿರಲಿಲ್ಲ. ಮೊದಲ ದಿನದ ನಕ್ಷೆಯಲ್ಲಿ 31 ಗೆರೆಗಳಿವೆ, ಅವುಗಳಲ್ಲಿ 22 ಮೊದಲ ಎರಡು ಸಾಲುಗಳಲ್ಲಿ. ಕಿಟಕಿಯ ಕಡೆಯ ಕೊನೆಯ ಬೆಂಚುಗಳಲ್ಲಿ ಕುಳಿತ ಐವರ ಜಾಗ ಎರಡು ವಾರ ಖಾಲಿಯಾಗಿಯೇ ಇತ್ತು. ಆ ಐವರೂ ತಮಿಳು ಮಾಧ್ಯಮದ ಶಾಲೆಯಿಂದ ಬಂದವರು. ಅವರ ವಿಷಯಕ್ಕೆ ಮತ್ತೆ ಬರುತ್ತೇನೆ.

ಆರು ವಾರದ ಮೇಲೆ ಅದೇ ಮೂವತ್ತು ಪದಗಳನ್ನು ಕೊಟ್ಟಾಗ ಬಿದ್ದುಹೋದ ಹಕಾರಗಳು 131ರಿಂದ 42ಕ್ಕೆ ಇಳಿದಿದ್ದವು. ಬೈಂಡಿಂಗ್ ಅಂಗಡಿಗೆ ಹೋಗುವುದೊಂದೇ ಬಾಕಿ! ಆದರೆ ಮೇಡಂ ಅದೇ ವಾರ ಒಂದು ಪುಟದ ಪ್ರಬಂಧವನ್ನೂ ಬರೆಸಿದ್ದರು, ವಿಷಯ ‘ನಮ್ಮೂರ ಸಂತೆ’. ಅದನ್ನು ತಿದ್ದಲು ಕುಳಿತವರು ಶಿಕ್ಷಕರ ಕೊಠಡಿಯಲ್ಲಿ ಒಬ್ಬರೇ ನಗಲಾರಂಭಿಸಿದರು. ‘ಅಮ್ಮ ಎರಡು ಸೇರು ಹಕ್ಕಿ ಕೊಂಡರು’ ಎಂದು ಒಬ್ಬಳು. ‘ಒಬ್ಬ ತಾತ ಹಾಡು ಮಾರಲು ತಂದಿದ್ದ, ಅದು ಹೆಲೆ ತಿನ್ನುತ್ತಿತ್ತು’ ಎಂದು ಇನ್ನೊಬ್ಬ. ಅಕ್ಕಿ ಹಕ್ಕಿಯಾಗಿತ್ತು, ಆಡು ಹಾಡಾಗಿತ್ತು. ಆ ಹಾಡು ಎಲೆಯನ್ನೂ ತಿನ್ನುತ್ತಿತ್ತು.

ನಗು ಮುಗಿದ ಮೇಲೆ ಅವರು ಮಾಡಿದ ಕೆಲಸವೇ ನನಗೆ ಪಾಠವಾಯಿತು. ಜೂನಿನಲ್ಲಿ ಬರೆಸಿದ್ದ ‘ನನ್ನ ಶಾಲೆ’ ಪ್ರಬಂಧಗಳನ್ನು ಹೊರತೆಗೆದು, ಬೇಡದ ಕಡೆ ಬಂದ ಹಕಾರಗಳನ್ನು ಎಣಿಸಿದರು. 48 ಪುಟಗಳಲ್ಲಿ ಒಂಬತ್ತು. ಸಂತೆಯ ಪ್ರಬಂಧದಲ್ಲಿ ಎಣಿಸಿದರು: 57. ಉಕ್ತಲೇಖನದ ಹತ್ತೂ ಪದಗಳು ಹಕಾರದವೇ ಆಗಿದ್ದರಿಂದ, ಎಲ್ಲಾ ಕಡೆ ಹ ಹಾಕುವ ಮಗುವಿಗೆ ಅಲ್ಲಿ ಪೂರ್ಣ ಅಂಕ ಸಿಗುತ್ತಿತ್ತು. ಕಲಿಸಿದ್ದನ್ನೇ ಕೇಳುವ ಪರೀಕ್ಷೆಗೆ ಕಲಿಸಿದ್ದರ ಅಡ್ಡಪರಿಣಾಮ ಕಾಣುವುದಿಲ್ಲ. ಅದು ಮಗು ಸ್ವಂತವಾಗಿ ಬರೆದ ಪುಟದಲ್ಲಿ ಮಾತ್ರ ಕಾಣುತ್ತದೆ.

‘ಹಕ್ಕಿ’ ಬರೆದ ಹುಡುಗಿಯನ್ನು ಕರೆದು ಕೇಳಿದರು. ಅವಳ ಉತ್ತರ ನೋಟ್‌ಬುಕ್ಕಿನಲ್ಲಿ ಹಾಗೆಯೇ ಇದೆ: ‘ಮನೇಲಿ ಅಕ್ಕಿ ಅಂತೀವಿ ಮಿಸ್. ಸ್ಕೂಲಲ್ಲಿ ಹ ಹಾಕ್ಬೇಕಲ್ವಾ, ಅದಕ್ಕೇ ಹಾಕ್ದೆ.’ ಅವಳಲ್ಲಿ ಗಮನದ ಕೊರತೆ ಇರಲಿಲ್ಲ. ಆರು ವಾರದ ಅಭ್ಯಾಸದಿಂದ ಅವಳೊಂದು ಸೂತ್ರ ಕಟ್ಟಿಕೊಂಡಿದ್ದಳು, ಮನೆಯ ಮಾತಿಗೆ ಹ ಸೇರಿಸಿದರೆ ಶಾಲೆಯ ಮಾತಾಗುತ್ತದೆ ಎಂದು. ಎಲ್ಲಾ ಸ್ವರಗಳಿಗೂ ಅದನ್ನು ಪ್ರಾಮಾಣಿಕವಾಗಿ ಹಚ್ಚಿದ್ದಳು.

ಇಲ್ಲಿ ಚಿಂತನೆ ಎನ್ನುವ ನಾಲ್ಕನೆಯ ಹಂತ ಎಂದರೇನು ಎಂಬುದು ನನಗೆ ಸ್ಪಷ್ಟವಾಯಿತು. ಮುದ್ರಿತ ನಮೂನೆಗಳಲ್ಲಿ ಆ ಜಾಗದಲ್ಲಿ ‘ಮಕ್ಕಳು ಆಸಕ್ತಿಯಿಂದ ಭಾಗವಹಿಸಿದರು’ ಎಂದು ಬರೆಯುತ್ತಾರೆ. ಮೇಡಂ ಬರೆದದ್ದು ಎರಡು ಸಾಲು: ಮಗುವಿಗೆ ಈಗ ಇರುವ ಸೂತ್ರ ಇದು, ಇದನ್ನು ಮುರಿಯಲು ಹ ಇರುವ ಪದ, ಇಲ್ಲದ ಪದ ಎರಡನ್ನೂ ಒಟ್ಟಿಗೆ ಮುಂದಿಡಬೇಕು, ಮತ್ತು ಅರ್ಥ ನೋಡದೆ ಬರೆಯಲಾಗದಂತೆ ಇಡಬೇಕು.

ಎರಡನೇ ಸುತ್ತು ದಸರೆ ರಜೆಯ ನಂತರ ಶುರುವಾಯಿತು. ಪದಪಟ್ಟಿ ಹೋಗಿ ಜೋಡಿಗಳು ಬಂದವು: ಅಕ್ಕಿ–ಹಕ್ಕಿ, ಆಡು–ಹಾಡು, ಅತ್ತು–ಹತ್ತು, ಆರು–ಹಾರು, ಉಳಿ–ಹುಳಿ, ಅಳೆ–ಹಳೆ, ಉರಿ–ಹುರಿ. ‘ಬಡಗಿಯ ಕೈಯಲ್ಲಿ ಒಂದು ಡ್ಯಾಶ್ ಇತ್ತು’, ‘ಸಾರಿಗೆ ಡ್ಯಾಶ್ ಸಾಲದು’ ಎಂಬಂಥ ವಾಕ್ಯಗಳು. ಉಳಿಯೋ ಹುಳಿಯೋ ಮಗು ತೀರ್ಮಾನಿಸಬೇಕು. ಉಸಿರಿನ ಅಭ್ಯಾಸ ನಿಂತಿತು. ಹೇಳುವವರು ‘ಉಳಿ’ ಎಂದೇ ಹೇಳಲಿ, ಬರೆಯುವಾಗ ಸಾರೋ ಬಡಗಿಯೋ ಎಂದು ನೋಡಿದರೆ ಸಾಕು. ಮಕ್ಕಳು ತಾವೇ ಜೋಡಿಗಳನ್ನು ಹುಡುಕಿ ತರತೊಡಗಿದರು. ಅತ್ತಿ–ಹತ್ತಿ ತಂದವನು ಉರ್ದು ಮನೆಯ ಹುಡುಗ. ಅವನೇ ಮುಂದೆ ಹಲ್ಲಿ–ಹಳ್ಳಿ, ಹಾಲು–ಹಾಳು ಜೋಡಿಗಳನ್ನೂ ತಂದು, ತನ್ನ ಹಲ್ಲಿಯ ಲೆಕ್ಕವನ್ನು ತೀರಿಸಿಕೊಂಡ.

ಉತ್ತರ ಪಡೆಯುವ ರೀತಿಯೂ ಬದಲಾಯಿತು. ನನ್ನ ನಕ್ಷೆಯ ಖಾಲಿ ಜಾಗಗಳನ್ನು ನೋಡಿದ ಮೇಲೆ ಕೈಯೆತ್ತುವುದನ್ನು ನಿಲ್ಲಿಸಿ, ಎಲ್ಲರೂ ಸ್ಲೇಟಿನಲ್ಲಿ ಬರೆದು ಒಮ್ಮೆಗೇ ಮೇಲೆತ್ತುವಂತೆ ಮಾಡಿದರು. ಪ್ರೌಢಶಾಲೆಗೆ ಸ್ಲೇಟು ಯಾಕೆ ಎಂದು ಕೆಲವರು ಮೂಗು ಮುರಿದರು. ಆದರೆ ಅಂದಿನಿಂದ ಕೊನೆಯ ಬೆಂಚೂ ಕಾಣತೊಡಗಿತು.

ಆ ಐವರ ಕಥೆ ಬೇರೆಯಾಗಿತ್ತು. ಜೂನಿನ ಪರೀಕ್ಷೆಯಲ್ಲಿ ಗ-ದ-ಬ ಪದಗಳಲ್ಲಿ ಐವರಿಗೆ ಸೇರಿ 50ರಲ್ಲಿ 36 ತಪ್ಪಿದ್ದವು. ಗಾಳಿ ‘ಕಾಳಿ’, ದನ ‘ತನ’, ಬಾಗಿಲು ‘ಪಾಕಿಲು’. ಆದರೆ ತಮಿಳೇ ಮನೆಮಾತಾಗಿದ್ದು ಕನ್ನಡ ಮಾಧ್ಯಮದಲ್ಲಿ ಓದಿದ ಉಳಿದ ಎಂಟು ಮಕ್ಕಳಿಗೆ 80ರಲ್ಲಿ ತಪ್ಪಿದ್ದು 11 ಮಾತ್ರ. ಮನೆಮಾತೇ ಕಾರಣವಾಗಿದ್ದರೆ ಹದಿಮೂರು ಮಕ್ಕಳೂ ಒಂದೇ ರೀತಿ ತಪ್ಪಬೇಕಿತ್ತು. ಮೊದಲ ಸುತ್ತಿನ ಕೇಳಿ ಬರೆಯುವ ಅಭ್ಯಾಸದಿಂದ ಐವರಲ್ಲಿ ಹೆಚ್ಚಿನ ಬದಲಾವಣೆ ಕಾಣಲಿಲ್ಲ.

ಹಾಗಾಗಿ ಮೇಡಂ ಕಿವಿಯನ್ನೇ ಪರೀಕ್ಷಿಸಿದರು. ‘ಕ’ ಮತ್ತು ‘ಗ’ಕ್ಕೆ ಎರಡು ಬಣ್ಣದ ಚೀಟಿ ಕೊಟ್ಟು, ತುಟಿ ಕಾಣದಂತೆ ಹಲಗೆಯ ಕಡೆ ತಿರುಗಿ ‘ಕಡಿ’, ‘ಗಡಿ’, ‘ಗಾಳಿ’, ‘ಕಾಳಿ’ ಎಂದು ಹೇಳಿದರು. ಹೆಚ್ಚುಕಡಿಮೆ ಎಲ್ಲಾ ಸಲವೂ ಐವರೂ ಸರಿಯಾದ ಚೀಟಿಯನ್ನೇ ಎತ್ತಿದರು. ಅಂದರೆ ಕಿವಿ ಸರಿಯಿತ್ತು. ಆಮೇಲೆ ಒಬ್ಬನಿಗೆ ಅವನೇ ಬರೆದ ‘ಅಂಕಡಿ’ಯನ್ನು ತೋರಿಸಿ ಓದಲು ಹೇಳಿದರು. ಅವನು ನಿಸ್ಸಂಕೋಚವಾಗಿ ‘ಅಂಗಡಿ’ ಎಂದು ಓದಿದ.

ಗುಟ್ಟು ಅಲ್ಲಿತ್ತು. ತಮಿಳು ಬರಹದಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಪದದ ಮೊದಲಲ್ಲಿ ಬಂದರೆ ಕ, ಅನುಸ್ವಾರದಂಥ ಧ್ವನಿಯ ಮುಂದೆ ಬಂದರೆ ಗ, ಎಂದು ಓದುವವರೇ ಜಾಗ ನೋಡಿ ತಿಳಿಯುತ್ತಾರೆ. ತ-ದ, ಪ-ಬ ಕೂಡ ಹಾಗೆಯೇ. ಏಳು ವರ್ಷ ಹಾಗೆ ಓದಿದ ಹುಡುಗನಿಗೆ ಕನ್ನಡದ ‘ಕ’ ಎಂದರೆ ಆ ಅಕ್ಷರದ ಇನ್ನೊಂದು ರೂಪ, ಅಷ್ಟೇ. ಅವನು ತನ್ನ ಬರಹದ ನಿಯಮಕ್ಕೆ ಸರಿಯಾಗಿಯೇ ಬರೆದಿದ್ದ. ನಮಗೆ ತಪ್ಪಾಗಿ ಕಂಡದ್ದು ಅವನಿಗೆ ತಪ್ಪಾಗಿ ಕಾಣಲು ಕಾರಣವೇ ಇರಲಿಲ್ಲ.

ಎರಡನೇ ಸುತ್ತಿನಲ್ಲಿ ಐವರಿಗೆ ಬೇರೆ ಕೆಲಸ. ಪುಟಕ್ಕೆ ನಡುವೆ ಗೆರೆ ಎಳೆದು, ಎಡಗಡೆ ತಮಿಳಿನಲ್ಲಿ ಒಂದು ಪದ, ಬಲಗಡೆ ಅದರ ಧ್ವನಿಯನ್ನೇ ಕನ್ನಡ ಅಕ್ಷರದಲ್ಲಿ. ಎಡಗಡೆ ಒಂದೇ ಅಕ್ಷರ ಇರುವಲ್ಲಿ ಬಲಗಡೆ ಕ ಬರಬೇಕೋ ಗ ಬರಬೇಕೋ ಎಂದು ಗುರುತು ಹಾಕುವುದು. ಒಂದು ದಿನ ಅವರಲ್ಲಿ ಒಬ್ಬನಿಗೆ ಸೀಮೆಸುಣ್ಣ ಕೊಟ್ಟು, ‘ನಿಮ್ಮ ಅಕ್ಷರದ ಲೆಕ್ಕ ಹೇಗೆ ಅಂತ ಇವರಿಗೆ ಹೇಳಪ್ಪ’ ಎಂದರು. ಅವನು ಹಲಗೆಯ ಮೇಲೆ ಬರೆದು ತೋರಿಸಿದ. ‘ಒಂದೇ ಅಕ್ಷರ, ಎರಡು ಕೆಲಸ ಮಾಡ್ತದೆ’ ಎಂದ. ಆ ದಿನದ ನಕ್ಷೆಯಲ್ಲಿ ಅವನ ಜಾಗದಲ್ಲಿ ನಾನು ಏಳು ಗೆರೆ ಎಳೆದಿದ್ದೇನೆ.

ಡಿಸೆಂಬರ್ ಕೊನೆಗೆ ಮತ್ತೆ ಎಣಿಕೆ. ಈ ಸಲದ ಉಕ್ತಲೇಖನದಲ್ಲಿ ಸ್ವರದಿಂದ ಶುರುವಾಗುವ ಹತ್ತು ಪದಗಳನ್ನೂ ಸೇರಿಸಿ ನಲವತ್ತು ಮಾಡಿದ್ದರು. ಪ್ರಬಂಧದಲ್ಲಿ ಬೇಡದ ಹಕಾರಗಳು 57ರಿಂದ 18ಕ್ಕೆ ಬಂದಿದ್ದವು. ಉಕ್ತಲೇಖನದಲ್ಲಿ ಬಿದ್ದುಹೋದ ಹಕಾರಗಳು 42ರಿಂದ 49ಕ್ಕೆ ಸ್ವಲ್ಪ ಏರಿದ್ದವು. ನಕ್ಷೆ ಬರೆದರೆ ಈ ಕಂಬ ಹಿಂದಕ್ಕೆ ಹೋಗಿತ್ತು. ಮೇಡಂ ಇದನ್ನು ಒಳ್ಳೆಯ ಸೂಚನೆ ಎಂದೇ ಓದಿದರು, ನಾನೂ ಒಪ್ಪುತ್ತೇನೆ: ಕುರುಡಾಗಿ ಹ ಹಾಕಿ ಪಡೆದಿದ್ದ ಅಂಕಗಳು ಹೋಗಿದ್ದವು, ಉಳಿದವು ತಿಳಿದು ಬರೆದವು. ತಮಿಳು ಮಾಧ್ಯಮದಿಂದ ಬಂದ ಐವರಲ್ಲಿ ಒಬ್ಬನ ಕುಟುಂಬ ನವೆಂಬರಿನಲ್ಲೇ ಧರ್ಮಪುರಿಯ ಕಡೆ ಹೋಗಿಬಿಟ್ಟಿತ್ತು. ಉಳಿದ ನಾಲ್ವರಿಗೆ 40ರಲ್ಲಿ ತಪ್ಪಿದ್ದು 9. ಆ ನಾಲ್ವರೂ ಹತ್ತನೇ ತರಗತಿಯ ಪರೀಕ್ಷೆಗೆ ಕುಳಿತರು.

ಇದರಿಂದ ಎಷ್ಟು ಹೇಳಬಹುದು, ಎಷ್ಟು ಹೇಳಬಾರದು ಎಂಬುದನ್ನೂ ಬರೆಯಬೇಕು. ಗಣಿತದವನಿಗೆ ಅದು ಬಿಡದು. ‘ಎ’ ವಿಭಾಗಕ್ಕೆ ಜೂನಿನಲ್ಲಿ ಈ ಪರೀಕ್ಷೆ ಕೊಟ್ಟಿರಲಿಲ್ಲವಾದ್ದರಿಂದ, ಇಳಿದ ತಪ್ಪುಗಳಲ್ಲಿ ಎಷ್ಟು ಪಾಠದಿಂದ, ಎಷ್ಟು ಬರೀ ಆರು ತಿಂಗಳು ದೊಡ್ಡವರಾದದ್ದರಿಂದ ಎಂದು ಬಿಡಿಸಿ ಹೇಳಲಾಗದು. ನಾಲ್ವರ ಲೆಕ್ಕದಿಂದ ತಮಿಳು ಮಾಧ್ಯಮದ ಎಲ್ಲಾ ಮಕ್ಕಳ ಬಗ್ಗೆ ಮಾತನಾಡಲಾಗದು. ಮಹಾಪ್ರಾಣ ಹಾಗೆಯೇ ಉಳಿಯಿತು, ‘ವಿದ್ಯಾರ್ತಿ’ಗಳು ವರ್ಷದ ಕೊನೆಯವರೆಗೂ ಇದ್ದರು. ಇಷ್ಟಾದರೂ ‘ಮನೆಮಾತು’ ಮತ್ತು ‘ಗಮನವಿಲ್ಲ’ ಎಂಬ ಎರಡು ವಿವರಣೆಗಳು ಆ ತರಗತಿಯ ಮಟ್ಟಿಗೆ ನಿಲ್ಲಲಿಲ್ಲ ಎಂಬುದನ್ನು ಗಟ್ಟಿಯಾಗಿ ಹೇಳಬಹುದು. ಅದಕ್ಕೆ ದೊಡ್ಡ ಲೆಕ್ಕ ಬೇಕಾಗಿಲ್ಲ, ಒಬ್ಬ ಹುಡುಗ ‘ಅಂಕಡಿ’ ಎಂದು ಬರೆದದ್ದನ್ನು ‘ಅಂಗಡಿ’ ಎಂದು ಓದಿದ್ದು ಸಾಕು.

ಖರ್ಚಿನ ಮಾತು ಕೇಳುವವರಿಗೆ: ಹಣ ಖರ್ಚಾಗಿದ್ದು ಮೂರು ನೋಟ್‌ಬುಕ್ಕು ಮತ್ತು ಒಂದಷ್ಟು ಸ್ಲೇಟಿಗೆ. ಖರ್ಚಾಗಿದ್ದು ಹೊತ್ತು. ಒಂದು ಸುತ್ತಿನ ಪ್ರಬಂಧಗಳನ್ನು ಹೀಗೆ ಬಿಡಿಸಿ ಎಣಿಸಲು ಮೇಡಂಗೆ ಮೂರು ಸಂಜೆ ಹಿಡಿಯುತ್ತಿತ್ತು. ಜನಗಣತಿ, ಚುನಾವಣೆ ಕೆಲಸ ಬಿದ್ದ ತಿಂಗಳುಗಳ ಪುಟಗಳು ಖಾಲಿ ಇವೆ. ಎಲ್ಲರೂ ವರ್ಷವೂ ಮಾಡಬೇಕೆಂದು ಆದೇಶ ಹೊರಡಿಸಿದರೆ ಮತ್ತೆ ಬೈಂಡ್ ಮಾಡಿದ ವರದಿಗಳೇ ಬರುತ್ತವೆ ಎಂದು ನನ್ನ ಅನಿಸಿಕೆ.

ಈ ಜೋಡಿ ಪದಗಳ ಪಟ್ಟಿ ನಮ್ಮ ಶಾಲೆಯಲ್ಲಿ ಕೆಲವು ವರ್ಷ ಕೈಯಿಂದ ಕೈಗೆ ಹೋಯಿತು. ಆಮೇಲೆ ಊರು ಬದಲಾಯಿತು. ಇಂದಿರಾನಗರದಿಂದ ಆಚೆಗೆ ಹೊಲಗಳಿದ್ದಲ್ಲೆಲ್ಲಾ ಕಟ್ಟಡಗಳು ಎದ್ದವು, ಅವುಗಳನ್ನು ಕಟ್ಟಲು ರಾಯಚೂರು, ಕಲಬುರಗಿ, ಯಾದಗಿರಿಯ ಕಡೆಯಿಂದ ಜನ ಬಂದರು, ಅವರ ಮಕ್ಕಳು ನಮ್ಮ ಎಂಟನೇ ತರಗತಿಗೆ ಬಂದರು. ಆ ಮಕ್ಕಳ ಬಾಯಲ್ಲಿ ಹಕಾರ ಗಂಟೆ ಹೊಡೆದ ಹಾಗೆ ಬರುತ್ತದೆ. ಅಕ್ಕಿ–ಹಕ್ಕಿ ಆಟವನ್ನು ಅವರ ಮುಂದಿಟ್ಟಾಗ, ಇದರಲ್ಲಿ ಗೊಂದಲ ಏನಿದೆ ಎಂದು ನಮ್ಮ ಮುಖವನ್ನೇ ನೋಡಿದರು. ಮೇಡಂ ಅವರ ಕೊನೆಯ ಎರಡು ವರ್ಷ ಅಂಥ ತರಗತಿಗಳೇ ಇದ್ದವು. ಮೂರನೆಯ ನೋಟ್‌ಬುಕ್ಕಿನ ಕೊನೆಯ ಬರಹ ಆ ಜೂನಿನದು: ಹಳೆಯ ನಲವತ್ತು ಪದಗಳಿಗೆ ಅಡ್ಡಗೆರೆ ಎಳೆದು, ಕೆಳಗೆ ಹೊಸ ಉಕ್ತಲೇಖನಕ್ಕೆ ಮೂವತ್ತು ಪದಗಳನ್ನು ಬರೆದಿದ್ದಾರೆ, ಪಕ್ಕದಲ್ಲಿ ‘ಮೊದಲು ಕೇಳಿಸಿಕೊಳ್ಳಬೇಕು’ ಎಂಬ ಒಂದು ಟಿಪ್ಪಣಿ.